ಮುಡಿಯಲ್ಲಿದ್ದ ಮಲ್ಲಿಗೆ ಎಲ್ಲಿ ಹೋಯಿತು? ಫೋನ್‌ನಲ್ಲಿ ಬ್ಯಾಕ್‌ಗ್ರೌಂಡ್ ತೆಗೆದಾಗ ಆಗುವ ತಪ್ಪುಗಳನ್ನು ಕೈಯಿಂದ ಸರಿಪಡಿಸುವ ಬಗೆ

ಮಾವನಿಗೆ 70 ತುಂಬಿತು. ಭೀಮರಥ ಶಾಂತಿಯ ಆಮಂತ್ರಣ ಪತ್ರಿಕೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಫೋಟೋ ಚೆನ್ನಾಗಿತ್ತು. ಹಜಾರದ ಬಿಳಿ ಗೋಡೆಯ ಮುಂದೆ ಅತ್ತೆ, ಮಾವ ಪಕ್ಕಪಕ್ಕ ನಿಂತಿದ್ದರು. ಅತ್ತೆ ಕೆಂಪು ರೇಷ್ಮೆ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ದಂಡೆ ಮುಡಿದಿದ್ದರು. ಮಾವ ಬಿಳಿ ಪಂಚೆ ಉಟ್ಟು, ಮೇಲೆ ಬಿಳಿ ಶಲ್ಯ ಹೊದ್ದಿದ್ದರು. ಫೋನ್‌ನಲ್ಲಿ ಬ್ಯಾಕ್‌ಗ್ರೌಂಡ್ ತೆಗೆಯುವ ಬಟನ್ ಒತ್ತಿದೆ, ಕಡುಗೆಂಪು ಕಾರ್ಡಿನ ಮೇಲೆ ಇಟ್ಟೆ, ಅವರ ಮಗಳಾದ ಅಕ್ಕನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. "ಅಮ್ಮನ ಮುಡಿಯಲ್ಲಿ ಹೂವೇ ಇಲ್ವಲ್ಲೋ! ಅಪ್ಪನ ಭುಜ ನೋಡು, ಯಾರೋ ಕಚ್ಚಿದ ಹಾಗಿದೆ."

ಜೂಮ್ ಮಾಡಿ ನೋಡಿದರೆ ಅಕ್ಕ ಹೇಳಿದ್ದಕ್ಕಿಂತ ಜಾಸ್ತಿ ತಪ್ಪುಗಳಿದ್ದವು. ದಂಡೆಯ ಅರ್ಧ ಭಾಗ ಮಾಯವಾಗಿತ್ತು. ಎಡ ಭುಜದ ಶಲ್ಯದಲ್ಲಿ ಒಂದು ಕಡೆ ತೂತು, ಇನ್ನೊಂದು ಕಡೆ ಬಟ್ಟೆಯೇ ಪಾರದರ್ಶಕ. ಮಾವನ ಮೊಣಕೈಗೂ ಸೊಂಟಕ್ಕೂ ನಡುವೆ ತ್ರಿಕೋನದ ಹಾಗೆ ಗೋಡೆಯ ತುಂಡು ಉಳಿದಿತ್ತು. ಅತ್ತೆಯ ಕೂದಲ ಸುತ್ತ ತೆಳ್ಳನೆಯ ಬಿಳಿ ಗೆರೆ ಇತ್ತು.

ಇವೆಲ್ಲ ಒಂದೇ ಥರದ ತಪ್ಪುಗಳಲ್ಲ. ಇದನ್ನು ತಿಳಿಯದೆ ಬ್ರಷ್ ಹಿಡಿದರೆ ಒಂದು ಗಂಟೆ ಉಜ್ಜಿದರೂ ಫೋಟೋ ಇನ್ನಷ್ಟು ಕೆಡುತ್ತದೆ. ಮೊದಲ ದಿನ ನನಗೆ ಹಾಗೇ ಆಯಿತು. ಕೂದಲ ಬಿಳಿ ಗೆರೆ ಅಳಿಸಲು ಹೋಗಿ ಅತ್ತೆಯ ಬೈತಲೆಯ ಹತ್ತಿರದವರೆಗೂ ಕೂದಲು ತಿಂದು ಹಾಕಿದ್ದೆ. ಹಾಗಾಗಿ ಮೊದಲು ತಪ್ಪಿನ ಜಾತಿ ಹಿಡಿಯೋಣ.

ಮೂರು ಬಣ್ಣದ ಪರೀಕ್ಷೆ

ಹಿನ್ನೆಲೆ ತೆಗೆದ ಮೇಲೆ ಆ್ಯಪ್‌ಗಳು ಬೂದು-ಬಿಳಿ ಚೌಕಳಿ ತೋರಿಸುತ್ತವೆ. ಆ ಚೌಕಳಿಯ ಮೇಲೆ ತಪ್ಪುಗಳು ಕಣ್ಣಿಗೆ ಬೀಳುವುದೇ ಇಲ್ಲ. ಕತ್ತರಿಸಿದ ಫೋಟೋವನ್ನು ಮೊದಲು ಅಚ್ಚ ಕಪ್ಪಿನ ಮೇಲೆ ಇಡಿ, ಆಮೇಲೆ ಅಚ್ಚ ಬಿಳಿಯ ಮೇಲೆ, ಕೊನೆಗೆ ಫೋಟೋದಲ್ಲಿ ಎಲ್ಲೂ ಇಲ್ಲದ ಒಂದು ಗಾಢ ಬಣ್ಣದ ಮೇಲೆ. ನಾನು ಗಿಳಿ ಹಸಿರು ಬಳಸುತ್ತೇನೆ.

ಕಪ್ಪಿನ ಮೇಲೆ ಬಿಳಿ ಅಂಚುಗಳು ಎದ್ದು ಕಾಣುತ್ತವೆ. ಬಿಳಿಯ ಮೇಲೆ ಗೋಡೆಯ ನೆರಳಿನ ಉಳಿಕೆ, ಮಸಿ ಹಚ್ಚಿದಂಥ ಕಲೆ ಕಾಣುತ್ತವೆ. ಹಸಿರಿನ ಮೇಲೆ ತೂತುಗಳು ಸಿಗುತ್ತವೆ. ಇನ್ನೊಂದು ಮುಖ್ಯ ಗುರುತು ಇದೆ. ಕಪ್ಪಿನಿಂದ ಹಸಿರಿಗೆ ಬದಲಿಸಿದಾಗ ಬಟ್ಟೆಯ ಬಣ್ಣವೂ ಸ್ವಲ್ಪ ಬದಲಾಯಿತಾ? ಹಾಗಾದರೆ ಅಲ್ಲಿ ಫೋಟೋ ಪೂರ್ತಿ ಉಳಿದಿಲ್ಲ, ಅರೆಬರೆ ಉಳಿದಿದೆ. ಮಾವನ ಶಲ್ಯ ಬಿಳಿಯ ಮೇಲೆ ಸರಿಯಾಗೇ ಕಂಡಿತ್ತು. ಹಸಿರಿಗೆ ಹಾಕಿದಾಗ ಬಲಗಡೆಯ ಮಡಿಕೆಗಳೆಲ್ಲ ಹಸಿರಾದವು.

ಈಗ ವಿಂಗಡಿಸುವುದು ಸುಲಭ. ತೂತು, ಪಾರದರ್ಶಕ ಬಟ್ಟೆ, ಉಳಿದ ಗೋಡೆ, ಇವು ಮಾಸ್ಕ್‌ನ, ಅಂದರೆ ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಆ್ಯಪ್ ಹಾಕಿಕೊಳ್ಳುವ ಲೆಕ್ಕದ ತಪ್ಪುಗಳು. ಕೂದಲ ಬಿಳಿ ಗೆರೆ ಮಾಸ್ಕ್‌ನದಲ್ಲ, ಬಣ್ಣದ ತಪ್ಪು. ಕಳಿಸಿದ ಮೇಲೆ ಕಪ್ಪು ಚೌಕ ಕಂಡರೆ ಅದು ಫೈಲ್‌ನ ತಪ್ಪು. ಅಳಿಸುವ, ವಾಪಸ್ ತರುವ ಬ್ರಷ್ ಸರಿಪಡಿಸುವುದು ಮೊದಲನೇ ಜಾತಿಯನ್ನು ಮಾತ್ರ.

ಮಾಸ್ಕ್ ಎಂದರೇನು, ಅದು ಎಲ್ಲಿ ಎಡವುತ್ತದೆ

ಆ್ಯಪ್ ನಿಜವಾಗಿ ಮಾಡುವುದು ಫೋಟೋದ ಪ್ರತಿ ಚುಕ್ಕೆಗೂ ಒಂದು ಅಂಕ ಕೊಡುವ ಕೆಲಸ. 0 ಎಂದರೆ ಗೋಡೆ, ತೆಗೆದುಬಿಡು. 255 ಎಂದರೆ ಮನುಷ್ಯ, ಇಟ್ಟುಕೋ. ನಡುವಿನ ಅಂಕ ಬಂದರೆ ಅರ್ಧಂಬರ್ಧ ಇಟ್ಟುಕೋ. ಈ ಅಂಕಗಳ ಹಾಳೆಯೇ ಮಾಸ್ಕ್. ಶಲ್ಯದ ಮಡಿಕೆಯಲ್ಲಿ ಅದಕ್ಕೆ ಅನುಮಾನ ಬಂದು ನಡುವಿನ ಅಂಕ ಕೊಟ್ಟಿತ್ತು. ಬಟ್ಟೆ ಪಾರದರ್ಶಕವಾಗಿದ್ದು ಅದಕ್ಕೇ.

ಅನುಮಾನ ಯಾಕೆ ಬರುತ್ತದೆ? ಒಂದು ಕಾರಣ ಎಲ್ಲರಿಗೂ ಗೊತ್ತಾಗುವಂಥದ್ದು: ಬಿಳಿ ಗೋಡೆ, ಬಿಳಿ ಶಲ್ಯ, ಬಿಳಿ ಹೂವು. ಅಂಚು ಎಲ್ಲಿದೆ ಎಂದು ನಮ್ಮ ಕಣ್ಣಿಗೇ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಇನ್ನೊಂದು ಕಾರಣ ಒಳಗಿನದು. ಫೋನ್‌ನಲ್ಲೇ ನಡೆಯುವ ಇಂಥ ಸಾಧನಗಳು ಬೇಗ ಕೆಲಸ ಮುಗಿಸಲು ಫೋಟೋವನ್ನು ಬಹಳ ಚಿಕ್ಕದು ಮಾಡಿ ನೋಡುತ್ತವೆ. ಗೂಗಲ್‌ನ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್‌ನಲ್ಲಿರುವ, ಮನುಷ್ಯರನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಸೆಲ್ಫಿ ಮಾದರಿ 256×256 ಚುಕ್ಕೆಗಳ ಚಿತ್ರವನ್ನಷ್ಟೇ ನೋಡುತ್ತದೆ. ನಿಮ್ಮ ಫೋಟೋ 3000×4000 ಇದ್ದರೆ ಅದರ ಒಂದು ಚುಕ್ಕೆ ನಿಮ್ಮ ಸುಮಾರು 12×16 ಚುಕ್ಕೆಗಳಿಗೆ ಸಮ. ಮೂರು ನಾಲ್ಕು ಚುಕ್ಕೆ ಅಗಲದ ಕೂದಲೆಳೆ, ಕನ್ನಡಕದ ತಂತಿ, ಜುಮುಕಿಯ ಕೊಂಡಿ ಅದರ ಕಣ್ಣಿಗೆ ಕಾಣುವುದೇ ಇಲ್ಲ. ಆಮೇಲೆ ಆ ಪುಟ್ಟ ಮಾಸ್ಕನ್ನು ಹಿಗ್ಗಿಸಿ ದೊಡ್ಡ ಫೋಟೋಗೆ ಹೊದಿಸುತ್ತಾರೆ, ಅಂಚನ್ನು ಒಂದಿಷ್ಟು ನಯ ಮಾಡುತ್ತಾರೆ. ಎಲ್ಲ ಆ್ಯಪ್‌ಗಳೂ ಇಷ್ಟೇ ಚಿಕ್ಕದು ಮಾಡುವುದಿಲ್ಲ, ಕೆಲವು ದೊಡ್ಡ ಚಿತ್ರವನ್ನೇ ನೋಡುತ್ತವೆ. ಆದರೆ ಎಳೆ ಎಳೆಯಾದದ್ದು, ಗೋಡೆಯ ಬಣ್ಣಕ್ಕೆ ಹೊಂದುವುದು, ದೇಹಕ್ಕೆ ಸುತ್ತುವರಿದ ಸಂದಿ, ಈ ಮೂರರಲ್ಲಿ ಎಲ್ಲವೂ ತಡವರಿಸುತ್ತವೆ. ಬಳೆಗಳ ಒಳಗಿನ ಜಾಗ, ಮೊಣಕೈ ಸಂದಿ ಉಳಿದುಬಿಡುವುದು ಅದಕ್ಕೇ.

ಇನ್ನೊಂದು ವಿಷಯ ನೋಡಿಕೊಳ್ಳಿ. ಫೋಟೋ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದದ್ದಾದರೆ, ಕ್ಯಾಮೆರಾ ಆಗಲೇ ಒಮ್ಮೆ ಮಾಸ್ಕ್ ಹಾಕಿ ಹಿನ್ನೆಲೆ ಮಸುಕು ಮಾಡಿರುತ್ತದೆ. ಕೂದಲ ತುದಿ ಅಲ್ಲೇ ಗೋಡೆಯ ಜೊತೆ ಕಲಸಿಹೋಗಿರುತ್ತದೆ. ಐಫೋನ್‌ನಲ್ಲಿ ಎಡಿಟ್‌ಗೆ ಹೋಗಿ ಆ ಮಸುಕನ್ನು ಆಫ್ ಮಾಡಬಹುದು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಇಟ್ಟುಕೊಂಡೂ ಕೂರಬೇಡಿ. ಕುಗ್ಗಿಸಿದ ಜೆಪಿಜಿಯಲ್ಲಿ ಅಂಚುಗಳು 8×8ರ ಚೌಕಗಳಾಗಿ ಒಡೆದಿರುತ್ತವೆ. ತೆಗೆದವರ ಹತ್ತಿರ ಮೂಲ ಫೈಲ್ ಕೇಳಿ ತರಿಸಿಕೊಳ್ಳಿ. ನಾನು ಅಕ್ಕನಿಗೆ ಮೊದಲು ಕೇಳಿದ್ದೇ ಅದನ್ನು.

ಸಣ್ಣ ತಪ್ಪಿದ್ದರೆ ಆ್ಯಪ್‌ನ ಬ್ರಷ್ ಸಾಕು

ತಪ್ಪು ಒಂದೆರಡು ಕಡೆ ಮಾತ್ರ ಇದ್ದರೆ ಅದೇ ಆ್ಯಪ್‌ನಲ್ಲಿ `Erase` ಮತ್ತು `Restore` ಬ್ರಷ್ ಹುಡುಕಿ. ಐಫೋನ್‌ನಲ್ಲಿ 2022ರ iOS 16ರಿಂದ ಫೋಟೋ ಒತ್ತಿಹಿಡಿದು ಮನುಷ್ಯರನ್ನು ಎತ್ತಿಕೊಳ್ಳುವ ಸೌಲಭ್ಯ ಬಂತು. ಬೇಗ ಆಗುತ್ತದೆ, ನಿಜ. ಆದರೆ ಅಲ್ಲಿ ತಿದ್ದಲು ಬ್ರಷ್ ಇಲ್ಲ. ಅಲ್ಲಿಂದ ಕತ್ತರಿಸಿ ತಂದ ಚಿತ್ರವನ್ನು ಬೇರೆ ಆ್ಯಪ್‌ಗೆ ಹಾಕಿ `Restore` ಒತ್ತಿದರೆ ಏನೂ ವಾಪಸ್ ಬರುವುದಿಲ್ಲ, ಯಾಕೆಂದರೆ ಅದರ ಕೆಳಗೆ ಮೂಲ ಫೋಟೋವೇ ಇಲ್ಲ. ಬ್ರಷ್ ಇರುವ ಆ್ಯಪ್‌ಗೆ ಯಾವಾಗಲೂ ಮೂಲ ಫೋಟೋವನ್ನೇ ಕೊಡಿ.

ಬ್ರಷ್ ಹಿಡಿಯುವಾಗ ಒಂದು ಕ್ರಮ ಪಾಲಿಸಿ: ಮೊದಲು ವಾಪಸ್ ತರುವುದು, ಆಮೇಲೆ ಅಳಿಸುವುದು. ಭುಜ ವಾಪಸ್ ತರುವಾಗ ಪಕ್ಕದ ಗೋಡೆಯೂ ಒಂದಿಷ್ಟು ಬಂದೇ ಬರುತ್ತದೆ. ಅದನ್ನು ಆಮೇಲೆ ಅಳಿಸಿ ಅಂಚು ಸರಿ ಮಾಡಬಹುದು. ಉಲ್ಟಾ ಮಾಡಿದರೆ ಒಂದೇ ಅಂಚನ್ನು ಮೂರು ಸಲ ತಿದ್ದಬೇಕಾಗುತ್ತದೆ. ಬಹುತೇಕ ಆ್ಯಪ್‌ಗಳಲ್ಲಿ ಬ್ರಷ್‌ನ ಗಾತ್ರ ಪರದೆಯ ಮೇಲೆ ಅಷ್ಟೇ ಇರುತ್ತದೆ, ಆದ್ದರಿಂದ ಜೂಮ್ ಮಾಡಿದಷ್ಟೂ ಫೋಟೋದ ಮೇಲೆ ಬ್ರಷ್ ಸಣ್ಣದಾಗುತ್ತದೆ. ಸಣ್ಣ ಬ್ರಷ್ ಬೇಕೆಂದರೆ ಜೂಮ್ ಮಾಡಿ. ಬೆರಳು ಒತ್ತಿದಲ್ಲಿ ಅಂಚು ಮರೆಯಾಗುತ್ತದಲ್ವಾ? ಅದಕ್ಕೆ ಬ್ರಷ್ ಬೆರಳಿನಿಂದ ಸ್ವಲ್ಪ ಮೇಲೆ ಓಡುವ ಹಾಗೆ ಮಾಡುವ `Offset` ಎಂಬ ಪಟ್ಟಿ ಕೆಲವು ಆ್ಯಪ್‌ಗಳಲ್ಲಿದೆ. ಬೆರಳನ್ನು ಆಗಾಗ ಎತ್ತಿ. ಒಂದು ಸಲ ಒತ್ತಿ ಎಳೆದದ್ದೆಲ್ಲ ಒಂದೇ `Undo`ಗೆ ಹೋಗುತ್ತದೆ, ಉದ್ದಕ್ಕೆ ಎಳೆದರೆ ಒಳ್ಳೆಯದೂ ಹೋಗುತ್ತದೆ.

ಮೊಣಕೈ ಸಂದಿಯ ತ್ರಿಕೋನ ಹೀಗೆ ಅರ್ಧ ನಿಮಿಷದಲ್ಲಿ ಹೋಯಿತು. ಮಲ್ಲಿಗೆ ಮಾತ್ರ ಜಗ್ಗಲಿಲ್ಲ. ವಾಪಸ್ ತಂದರೆ ಹೂವಿನ ಜೊತೆ ಗೋಡೆಯೂ ಬರುತ್ತಿತ್ತು. ಎರಡೂ ಬಿಳಿ, ಎಲ್ಲಿಗೆ ನಿಲ್ಲಿಸಬೇಕು ಎಂದು ಗೊತ್ತಾಗುತ್ತಿರಲಿಲ್ಲ. ಆಗ ನಾನು ದಾರಿ ಬದಲಿಸಿದೆ.

ಮಾಸ್ಕನ್ನೇ ಬೇರೆ ಲೇಯರ್ ಮಾಡಿಕೊಳ್ಳುವುದು

ಇದರ ಉಪಾಯ ಇಷ್ಟು. ಮಾಸ್ಕ್ ಒಂದು ಫೋಟೋದಿಂದ ತೆಗೆಯೋಣ, ಬಣ್ಣ ಇನ್ನೊಂದರಿಂದ ತೆಗೆಯೋಣ. ಹೂವು ಮತ್ತು ಗೋಡೆ ಬೇರೆ ಬೇರೆ ಕಾಣುವ ಹಾಗೆ ಫೋಟೋದ ಒಂದು ನಕಲು ಕೆಡಿಸಿಕೊಳ್ಳುವುದು, ಅದರಿಂದ ಮಾಸ್ಕ್ ಮಾಡಿಸುವುದು, ಆಮೇಲೆ ಆ ಮಾಸ್ಕ್ ಮೇಲೆ ಒಳ್ಳೆಯ ಫೋಟೋ ಕೂರಿಸುವುದು.

ನಕಲು ಮಾಡಿ ಗ್ಯಾಲರಿಯ ಎಡಿಟರ್‌ನಲ್ಲೇ `Highlights` ಅನ್ನು ಪೂರ್ತಿ ಕೆಳಗೆ ಇಳಿಸಿದೆ, `Contrast` ಜಾಸ್ತಿ ಮಾಡಿದೆ. ಗೋಡೆ ಬೂದಿಯ ಬಣ್ಣಕ್ಕೆ ತಿರುಗಿತು, ಮೊಗ್ಗುಗಳು ಒಂದೊಂದಾಗಿ ಬಿಳಿಯಾಗಿ ಎದ್ದು ನಿಂತವು, ಅವುಗಳ ನಡುವಿನ ನೆರಳೂ ಕಂಡಿತು. ಫೋಟೋ ನೋಡಲು ಭಯಂಕರವಾಗಿತ್ತು, ಪರವಾಗಿಲ್ಲ, ಇದನ್ನು ಯಾರಿಗೂ ತೋರಿಸುವುದಿಲ್ಲ. ಒಂದೇ ಷರತ್ತು, ಕ್ರಾಪ್ ಮಾಡಬಾರದು, ತಿರುಗಿಸಬಾರದು. ಎರಡೂ ಒಂದೇ ಅಳತೆಯಲ್ಲಿರಬೇಕು.

ಇಲ್ಲಿ ಒಂದು ಮಿತಿ ಇದೆ. ಗೋಡೆಗೆ ಬಿಸಿಲು ಬಿದ್ದು ಅಚ್ಚ ಬಿಳಿಯಾಗಿ ಸುಟ್ಟುಹೋಗಿದ್ದರೆ, `Highlights` ಎಷ್ಟು ಇಳಿಸಿದರೂ ಹೂವೂ ಗೋಡೆಯೂ ಒಂದೇ ಚಪ್ಪಟೆ ಬೂದು ಆಗುತ್ತವೆ. ಹಾಗಾದರೆ ಆ ಅಂಚು ಫೋಟೋದಲ್ಲೇ ಇಲ್ಲ. ಕೈಯಿಂದ ಬರೆಯಬೇಕು, ಇಲ್ಲ ಫೋಟೋ ಮತ್ತೆ ತೆಗೆಯಬೇಕು. ಮತ್ತೆ ತೆಗೆಯುವ ಅವಕಾಶ ಇದ್ದರೆ ಖಂಡಿತ ಅದೇ ಮಾಡಿ. ಹಿಂದೆ ಬಣ್ಣದ ಜಮಖಾನವನ್ನೋ ಬೆಡ್‌ಶೀಟನ್ನೋ ಕಟ್ಟಿ, ಅದರಿಂದ ಮೂರು ನಾಲ್ಕು ಅಡಿ ಮುಂದೆ ನಿಲ್ಲಿಸಿ ತೆಗೆದರೆ ಈ ಕೆಲಸದ ಮುಕ್ಕಾಲು ಪಾಲು ಬೇಕಾಗುವುದಿಲ್ಲ.

ಕೆಡಿಸಿದ ನಕಲಿನ ಹಿನ್ನೆಲೆಯನ್ನು ಮತ್ತೆ ಆಟೊಮ್ಯಾಟಿಕ್ ಆಗಿ ತೆಗೆಸಿದೆ. ಈ ಸಲ ದಂಡೆಯ ಬಹುಪಾಲು ಉಳಿಯಿತು. ಇದಕ್ಕೆ ಪೂರ್ತಿ ಅಳತೆಯನ್ನು ಹಾಗೇ ಉಳಿಸುವ ಆ್ಯಪ್ ಬಳಸಿ. ಐಫೋನ್‌ನಲ್ಲಿ ಒತ್ತಿಹಿಡಿದು ಎತ್ತಿದರೆ ಸುತ್ತಲಿನ ಖಾಲಿ ಜಾಗ ಕತ್ತರಿಸಿಹೋಗುತ್ತದೆ, ಆಮೇಲೆ ಎರಡು ಚಿತ್ರಗಳನ್ನು ಹೊಂದಿಸಲು ಒದ್ದಾಡಬೇಕು.

ಈಗ ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಗಳು, ಇರುವ ಆ್ಯಪ್ ಬೇಕು. ನಾನು ಬಳಸಿದ್ದು ಐಬಿಸ್ ಪೇಂಟ್. ಮೂರು ಲೇಯರ್ ಸಾಕು. ತಳದಲ್ಲಿ ಪೂರ್ತಿ ಗಿಳಿ ಹಸಿರು. ಅದರ ಮೇಲೆ ಕೆಡಿಸಿದ ನಕಲಿನಿಂದ ಕತ್ತರಿಸಿದ ಚಿತ್ರ. ಎಲ್ಲಕ್ಕಿಂತ ಮೇಲೆ ಏನೂ ಮಾಡದ ಮೂಲ ಫೋಟೋ. ಚಿತ್ರ ತರುವಾಗ ಗೆರೆಚಿತ್ರ ಬೇರ್ಪಡಿಸಲೇ ಎಂದು ಆ್ಯಪ್ ಕೇಳುತ್ತದೆ, ಬೇಡ ಎನ್ನಿ. ಚಿತ್ರ ಕೂರಿಸುವಾಗ ಅದನ್ನು ಎಳೆಯಬೇಡಿ, ಹಿಗ್ಗಿಸಬೇಡಿ. ಮೇಲಿನ ಲೇಯರ್ ಆನ್-ಆಫ್ ಮಾಡಿ ನೋಡಿ. ಅತ್ತೆಯ ಕುಂಕುಮ ಒಂದೇ ಜಾಗದಲ್ಲಿ ನಿಂತರೆ ಎರಡೂ ಸರಿಯಾಗಿ ಕೂತಿವೆ, ಜರುಗಿದರೆ ಇಲ್ಲ.

ಇನ್ನು ಮೇಲಿನ ಲೇಯರ್‌ಗೆ `Clipping` ಆನ್ ಮಾಡಿ. ಆಗ ಮೂಲ ಫೋಟೋ, ಅದರ ಕೆಳಗಿನ ಲೇಯರ್ ಇರುವ ಕಡೆ ಮಾತ್ರ ಕಾಣುತ್ತದೆ. ಕೆಡಿಸಿದ ಬಣ್ಣ ಮರೆಯಾಗಿ ಒಳ್ಳೆಯ ಬಣ್ಣ ಬಂತು, ಆಕಾರ ಮಾತ್ರ ಕೆಳಗಿನದು. ಅಂದರೆ ಈಗ ನಡುವಿನ ಲೇಯರ್ರೇ ನಿಮ್ಮ ಮಾಸ್ಕ್. ಅದನ್ನು ಆರಿಸಿಕೊಂಡು ಯಾವ ಬಣ್ಣ ಬಳಿದರೂ ಅಲ್ಲಿ ಫೋಟೋ ವಾಪಸ್ ಬರುತ್ತದೆ. ರಬ್ಬರ್ ಉಜ್ಜಿದಲ್ಲಿ ಫೋಟೋ ಹೋಗುತ್ತದೆ. ಆ್ಯಪ್‌ನ `Restore` ಬ್ರಷ್ ಒಳಗೊಳಗೇ ಮಾಡುವ ಕೆಲಸವೂ ಇದೇ. ವ್ಯತ್ಯಾಸ ಏನೆಂದರೆ ಇಲ್ಲಿ ಬ್ರಷ್‌ನ ಆಕಾರ, ಗಟ್ಟಿತನ, ಗಾತ್ರ ಎಲ್ಲವೂ ನಿಮ್ಮ ಕೈಯಲ್ಲಿ ಇರುತ್ತದೆ. ತಪ್ಪಾದರೆ ಮೂಲ ಫೋಟೋಗೆ ಏನೂ ಆಗುವುದಿಲ್ಲ.

ಮೊದಲು ಮಾವನ ಶಲ್ಯ. ಪಾರದರ್ಶಕವಾಗಿದ್ದ ಮಡಿಕೆಗಳ ಮೇಲೆ, ಅಂಚಿನಿಂದ ತುಸು ಒಳಗೆ, ಗಟ್ಟಿ ಅಂಚಿನ ದೊಡ್ಡ ಬ್ರಷ್‌ನಿಂದ ಧಾರಾಳವಾಗಿ ಬಳಿದೆ. ಹಸಿರು ಇಣುಕುವುದು ನಿಂತಿತು. ಭುಜದ ತೂತನ್ನು ಸಣ್ಣ ಬ್ರಷ್‌ನಿಂದ ತುಂಬಿ, ಹೊರಗೆ ಚೆಲ್ಲಿದ್ದನ್ನು ರಬ್ಬರಿನಿಂದ ಅಳಿಸಿದೆ. ಬಟ್ಟೆಯ ಅಂಚಿಗೆ ಗಟ್ಟಿ ಬ್ರಷ್ಷೇ ಸರಿ. ಮೆತ್ತನೆಯದು ಬಳಸಿದರೆ ಶಲ್ಯ ಹತ್ತಿಯ ಹಾಗೆ ಉಬ್ಬಿದಂತೆ ಕಾಣುತ್ತದೆ.

ಮಲ್ಲಿಗೆಗೆ ಬೇರೆ ಕೈ ಬೇಕು. ದಂಡೆಯ ಹೊರ ಅಂಚಿನಲ್ಲಿ ಬ್ರಷ್ ಎಳೆದರೆ ಅದು ಹೂವಿನ ದಂಡೆಯಾಗಿ ಕಾಣುವುದಿಲ್ಲ, ಬಿಳಿ ಪಟ್ಟಿಯಾಗಿ ಕಾಣುತ್ತದೆ. ಬ್ರಷ್‌ನ ಗಾತ್ರವನ್ನು ಒಂದು ಮೊಗ್ಗಿನ ಅಗಲಕ್ಕೆ ಇಟ್ಟುಕೊಂಡೆ. ಎಳೆಯದೆ, ಮೊಗ್ಗಿರುವ ಕಡೆ ಒಂದೊಂದೇ ಸಲ ಒತ್ತುತ್ತಾ ಹೋದೆ. ಯಾವ ಮೊಗ್ಗು ಎಲ್ಲಿ ಮುಗಿಯುತ್ತದೆ ಎಂಬ ಅನುಮಾನ ಬಂದಾಗಲೆಲ್ಲ ಗ್ಯಾಲರಿಯಲ್ಲಿ ಕೆಡಿಸಿದ ನಕಲು ತೆರೆದು ನೋಡಿ ಬರುತ್ತಿದ್ದೆ. ಮೊಗ್ಗುಗಳ ನಡುವಿನ ಸಣ್ಣ ಸಂದಿಗಳನ್ನು ಹಾಗೇ ಬಿಟ್ಟೆ. ಆ ಏರಿಳಿತ ಇದ್ದರೇ ಅದು ಹೂವು. ಸುಮಾರು ಇಪ್ಪತ್ತು ಸಲ ಒತ್ತಿದ ಮೇಲೆ ದಂಡೆ ಮತ್ತೆ ಅತ್ತೆಯ ಮುಡಿಗೆ ಬಂತು. ಬೆರಳು ದಪ್ಪ ಅನ್ನಿಸಿದರೆ ಹತ್ತು ಪಟ್ಟು ಜೂಮ್ ಮಾಡಿ, ಆದರೆ ಎರಡು ಮೂರು ಮೊಗ್ಗಿಗೊಮ್ಮೆ ಜೂಮ್ ಇಳಿಸಿ ಪೂರ್ತಿ ಮುಖ ನೋಡಿ. ಹತ್ತಿರದಲ್ಲಿ ಸರಿ ಕಂಡದ್ದು ದೂರದಿಂದ ಗಂಟಿನ ಹಾಗೆ ಕಾಣಬಹುದು.

ಕೂದಲ ಬಿಳಿ ಗೆರೆ

ಇದನ್ನು ಅಳಿಸಲು ಹೋಗಬೇಡಿ. ಅಂಚಿನ ಚುಕ್ಕೆಗಳಲ್ಲಿ ಅರ್ಧ ಕೂದಲು, ಅರ್ಧ ಗೋಡೆ ಕಲಸಿರುತ್ತದೆ. ಮಾಸ್ಕ್ ಸರಿಯಾದ ಜಾಗದಲ್ಲೇ ಇದ್ದರೂ ಗೋಡೆಯ ಬಿಳಿ ಬಣ್ಣ ಆ ಚುಕ್ಕೆಗಳ ಒಳಗೇ ಸೇರಿಕೊಂಡಿದೆ. ಬಿಳಿ ಕಾರ್ಡಿನ ಮೇಲೆ ಅದು ಕಾಣುವುದಿಲ್ಲ, ಕಡುಗೆಂಪಿನ ಮೇಲೆ ಹೊಳೆಯುತ್ತದೆ. ಅಳಿಸಿದರೆ ಕೂದಲು ಕತ್ತರಿಯಲ್ಲಿ ಕತ್ತರಿಸಿದ ಹಾಗಾಗುತ್ತದೆ. ಆದ್ದರಿಂದ ಬದಲಿಸಬೇಕಾದ್ದು ಬಣ್ಣ.

ಫೋಟೋ ಲೇಯರ್‌ನ ಮೇಲೆ ಹೊಸದೊಂದು ಖಾಲಿ ಲೇಯರ್ ಸೇರಿಸಿ, ಅದಕ್ಕೂ `Clipping` ಕೊಡಿ. ಅಂಚಿನಿಂದ ಸ್ವಲ್ಪ ಒಳಗಿನ ಕೂದಲ ಬಣ್ಣವನ್ನು ಡ್ರಾಪರ್‌ನಿಂದ ಎತ್ತಿಕೊಳ್ಳಿ. ಮೆತ್ತನೆಯ ಏರ್‌ಬ್ರಷ್ ತೆಗೆದುಕೊಂಡು ಬಿಳಿ ಗೆರೆಯ ಮೇಲೆ ಹಗುರವಾಗಿ ಸವರಿ. ಬಣ್ಣ ಹೊರಗೆ ಚೆಲ್ಲುವ ಭಯವಿಲ್ಲ, ಮಾಸ್ಕ್ ತಡೆಯುತ್ತದೆ. ಅತ್ತೆಯ ಕೂದಲು ನರೆತಿರುವುದರಿಂದ ನಾನು ಒಂದೇ ಕಪ್ಪು ಬಳಸಲಿಲ್ಲ. ಕಿವಿಯ ಹತ್ತಿರ ಬೂದು, ಹಿಂದೆ ಕಪ್ಪು, ಹೀಗೆ ನಾಲ್ಕು ಸಲ ಬಣ್ಣ ಎತ್ತಿಕೊಂಡೆ. ಹಣೆಯ ಚರ್ಮ, ಮಲ್ಲಿಗೆ ಇರುವ ಕಡೆ ಮಾತ್ರ ಹೋಗಬೇಡಿ.

ಗಾಳಿಗೆ ಹಾರಿದ ಒಂದೊಂದೇ ಎಳೆಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಬಿಡಿ. ಫೋನ್‌ನಲ್ಲಿ ಅದು ಕೂದಲಿಗಿಂತ ಜಾಸ್ತಿ ಗೋಡೆಯನ್ನೇ ತರುತ್ತದೆ. ತಲೆಯ ಆಕಾರ ನಯವಾಗಿ ಉಳಿದರೆ ಸಾಕು. ಹಾರುವ ಕೂದಲು ತುಂಬಾ ಇದ್ದರೆ ಕಾರ್ಡಿನ ಬಣ್ಣವನ್ನೇ ತಿಳಿಯಾದದ್ದಕ್ಕೆ ಬದಲಿಸುವುದು ಒಳ್ಳೆಯ ದಾರಿ. ತಿಳಿ ಗೋಡೆಯ ಮುಂದೆ ತೆಗೆದ ಫೋಟೋ ತಿಳಿ ಕಾರ್ಡಿನ ಮೇಲೆ ಸುಲಭವಾಗಿ ಹೊಂದುತ್ತದೆ.

ಕಳಿಸಿದ ಮೇಲೆ ಕಪ್ಪು ಚೌಕ

ಕೊನೆಗೆ ಹಸಿರು ಲೇಯರ್ ಮರೆ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿಯಾಗಿ ಉಳಿಸಿದೆ. ಕಾರ್ಡ್ ಜೋಡಿಸುವ ಪ್ರೆಸ್‌ನವರಿಗೆ ಅಕ್ಕ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದಳು. ಅವರಿಗೆ ಕಪ್ಪು ಚೌಕದ ಒಳಗೆ ಅತ್ತೆ-ಮಾವ ಕಂಡರು. ಮಾಸ್ಕ್ ಸರಿಯಾಗೇ ಇತ್ತು. ಫೋಟೋ ಆಗಿ ಕಳಿಸಿದಾಗ ಅದು ಜೆಪಿಜಿ ಆಗುತ್ತದೆ, ಜೆಪಿಜಿಯಲ್ಲಿ ಪಾರದರ್ಶಕ ಜಾಗ ಇಟ್ಟುಕೊಳ್ಳಲು ಎಡೆಯೇ ಇಲ್ಲ. ಖಾಲಿ ಜಾಗಕ್ಕೆ ಕಪ್ಪೋ ಬಿಳಿಯೋ ತುಂಬಿಬಿಡುತ್ತದೆ. ಒಮ್ಮೆ ಹಾಗಾದ ಫೈಲ್‌ನಿಂದ ಮಾಸ್ಕ್ ವಾಪಸ್ ಸಿಗುವುದಿಲ್ಲ, ಮೂಲ ಪಿಎನ್‌ಜಿಯನ್ನೇ ಮತ್ತೆ ಕಳಿಸಬೇಕು.

ನಿಮ್ಮ ಗ್ಯಾಲರಿಯಲ್ಲೇ ಕಪ್ಪಾಗಿ ಕಂಡರೆ ಮಾತ್ರ ಗಾಬರಿ ಬೇಡ. ಕೆಲವು ಗ್ಯಾಲರಿಗಳು ಖಾಲಿ ಜಾಗವನ್ನು ಕಪ್ಪಾಗಿ ತೋರಿಸುತ್ತವೆ. ಫೈಲ್ ಹೆಸರಿನ ಕೊನೆಯಲ್ಲಿ `.png` ಇದೆಯಾ ನೋಡಿ, ಆಮೇಲೆ ಯಾವುದಾದರೂ ಬಣ್ಣದ ಮೇಲೆ ಇಟ್ಟು ನೋಡಿ. ಹಿಂದಿನ ಬಣ್ಣ ಕಂಡರೆ ಫೈಲ್ ಚೆನ್ನಾಗಿದೆ.

ವಾಟ್ಸ್ಆ್ಯಪ್‌ನಲ್ಲಿ ಫೈಲ್ ಸೇರಿಸುವ ಪೇಪರ್ ಕ್ಲಿಪ್ ಗುರುತು ಒತ್ತಿ, `Document` ಆರಿಸಿ, ಅಲ್ಲಿಂದ ಆ ಪಿಎನ್‌ಜಿ ಕಳಿಸು ಎಂದು ಅಕ್ಕನಿಗೆ ಹೇಳಿದೆ. ಸಂಜೆ ಪ್ರೆಸ್‌ನಿಂದ ಕಾರ್ಡಿನ ಮಾದರಿ ಬಂತು. ಅಕ್ಕ ಜೂಮ್ ಮಾಡಿ ಮುಡಿಯ ಭಾಗ ಮಾತ್ರ ನನಗೆ ಕಳಿಸಿದಳು, ಕೆಳಗೆ "ಹೂವು ಬಂತು" ಎಂದು ಬರೆದಿದ್ದಳು.